ಬಿಡಿಸಿ ಹೇಳ್ರಿ, ಅತ್ತಿಗೆ

ನನ್ನ ಗಂಡನ ಅಕ್ಕ ನಗಿಸುವುದರಲ್ಲಿ ಗಟ್ಟಿಗಿತ್ತಿ ಎಂದು ಊರೆಲ್ಲ ಕೊಂಡಾಡುತ್ತಿತ್ತು. ಕೊಂಡಾಡಲಿ ಬಿಡಿ. ಅವಳು ನಗಿಸುತ್ತಿದ್ದುದು ಯಾರ ಚರ್ಮ ಸುಲಿದು ಎಂಬುದು ಊರಿಗೇನು ಗೊತ್ತು?

ನಾನು ನೀರಿಗೆ ಬರವಿದ್ದ ನನ್ನಿವಾಳದವಳು. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ಈ ಇಪ್ಪತ್ತನೇ ಶತಮಾನ ಆಗಷ್ಟೇ ಹುಟ್ಟಿತ್ತು. ಮೋಟಾರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಎತ್ತಿನ ಗಾಡಿಯೇ. ತವರಿನಲ್ಲಿ ನಾವು ಕನ್ನಡ ಬಿಟ್ಟು ಬೇರೆ ಆಡಿದವರಲ್ಲ. ಇಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು.

ಅತ್ತೆ ಮೊದಲ ದಿನವೇ ನನ್ನ ಕಾಲೆಳೆದಳು. "ನನ್ನಿವಾಳದೋಳು ಕಣ್ರೇ, ಬಾವೀಲಿ ನೀರು ಕಂಡ್ರೆ ದೇವ್ರು ಅಂತ ಅಡ್ಡಬೀಳ್ತಾಳೆ!" ನನಗೂ ಬಾಯಿ ಸುಮ್ಮನಿರಬೇಕಲ್ಲ! ಅವಳು ಗುಡಿಯಿಂದ ಕುಂಟುತ್ತ ಬಂದಾಗ, "ಏನತ್ತೆ, ನಿಮ್ಮೂರೋರಿಗೆ ಮೊಳಕಾಲು ಮೂರಂತೆ, ಆದ್ರೂ ಇಷ್ಟು ಹೊತ್ತಾ?" ಎಂದೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಒಮ್ಮೆ ಅವಳ ಮಂಡಿ ನಿಜಕ್ಕೂ ಬಾತಾಗ ನಾನು ಆ ಮಾತು ಎತ್ತಲಿಲ್ಲ. ಅವಳೂ ಅಷ್ಟೇ, ನನ್ನ ಬಸಿರು ಇಳಿದು ಹೋದ ಮೇಲೆ ಬೇರೆ ಯಾವುದಕ್ಕೆ ಆಡಿಕೊಂಡರೂ ಆ ಕಡೆ ತಲೆ ಹಾಕಲಿಲ್ಲ. ಹುಡುಗಾಟ ಎಂದರೆ ಅದು. ಕೊಟ್ಟಷ್ಟು ತಗೋಬೇಕು, ನೋವಿದ್ದ ಕಡೆ ಕೈ ಇಡಬಾರದು.

ಅತ್ತಿಗೆಯನ್ನು ಕೊಂಡ್ಲಹಳ್ಳಿಗೆ ಕೊಟ್ಟಿದ್ದರು. ತಿಂಗಳಿಗೊಮ್ಮೆಯಾದರೂ ತವರಿಗೆ ಬರುತ್ತಿದ್ದಳು. ನನ್ನ ಬಸಿರು ಇಳಿದ ಮೇಲಿನ ಸಲ ಬಂದಾಗ, ನಾನು ಯಾವುದಕ್ಕೋ ಜೋರಾಗಿ ನಕ್ಕೆ. ಅವಳು ತಮ್ಮನ ಮುಖ ನೋಡುತ್ತ ತೆಲುಗಿನಲ್ಲಿ, "ಖಾಳೀ ಕುಂಡಕು ಮೋತ ಎಕ್ಕುವ" ಅಂದಳು. ಬರಿದಾದ ಮಡಕೆಗೆ ಸದ್ದು ಜಾಸ್ತಿ, ಅಂತ. ನನಗೆ ತೆಲುಗು ಬರುವುದಿಲ್ಲ ಎಂದೇ ಅವಳ ಲೆಕ್ಕ. ನಾನು ಆಡುತ್ತಿರಲಿಲ್ಲ ಅಷ್ಟೇ, ಕಿವಿಗೆ ಎಲ್ಲ ಬಂದಿತ್ತು.

ಮೊದಮೊದಲು ನನಗೇ ಅನುಮಾನ. ತಮಾಷೆಯೇ ಇರಬಹುದು, ನಾನೇ ತೊಗಲು ತೆಳ್ಳಗಿನವಳೇನೋ ಅಂತ. ಆಮೇಲೆ ಅವಳ ಕಣ್ಣು ನೋಡಲು ಕಲಿತೆ. ಅತ್ತೆ ಚೇಷ್ಟೆ ಮಾಡುವಾಗ ನನ್ನನ್ನೇ ನೋಡುತ್ತಿದ್ದಳು, ನಾನು ನಕ್ಕೆನೋ ಇಲ್ಲವೋ ಎಂದು. ಇವಳು ಆಡುತ್ತಿದ್ದುದು ನನ್ನನ್ನು, ನೋಡುತ್ತಿದ್ದುದು ಬೇರೆಯವರನ್ನು. ಗಂಡಸರು ಕಿವಿಗೆ ಬೀಳುವಷ್ಟು ಹತ್ತಿರ ಇದ್ದರೆ ಮಾತ್ರ ಅವಳಿಗೆ ತಮಾಷೆ ಹುಟ್ಟುತ್ತಿತ್ತು. ಹಿತ್ತಲಲ್ಲಿ ನಾವಿಬ್ಬರೇ ಇದ್ದರೆ ಬಾಯಿಗೆ ಬೀಗ. ಹಾಡೂ ಒಂದೇ, ಬರಿದಾದ ಮಡಕೆ, ಕಾಳಿಲ್ಲದ ತೆನೆ, ಕರು ಹಾಕದ ಹಸು. ನನ್ನ ಮುಖ ಸಣ್ಣಗಾದರೆ ತಪ್ಪು ನನ್ನದೇ. "ಅಯ್ಯೋ, ನಗ್ಸಾಕಂದೆ ಕಣೇ! ಇಷ್ಟಕ್ಕೆಲ್ಲ ಮುಖ ಊದಿಸ್ಕಂತಾರಾ? ತಂಗಿ ಇದ್ದಂಗೆ ಅಂತ ಅಂದೆ." ಸರಿ ತಾಯಿ ಅಂತ, ನಾನೂ ಒಂದು ದಿನ ಅವಳ ನಶ್ಯದ ಸೀನಿಗೆ ಎತ್ತುಗಳು ಬೆದರಿದವು ಅಂದೆ. ಅಬ್ಬಾ! ಊಟ ಬಿಟ್ಟು ಮಲಗಿದಳು. ಆಗ ನನಗೆ ಅನುಮಾನ ಉಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ನನಗೆ ಮತ್ತೆ ಬಸಿರು ನಿಲ್ಲಲಿಲ್ಲ, ಅವಳಿಗೆ ಮದುವೆಗೆ ನಿಂತ ಮಗಳಿದ್ದಳು. ಅಕ್ಕನ ಮಗಳನ್ನು ತಮ್ಮ ತರುವುದು ನಮ್ಮಲ್ಲಿ ನಡೆದು ಬಂದದ್ದೇ. ಮಕ್ಕಳಾಗದಿದ್ದರೆ ಎರಡನೆಯವಳನ್ನು ತರುವುದೂ ಹೊಸದಲ್ಲ. ಬಾಯಿ ಬಿಟ್ಟು ಕೇಳಿದರೆ ಅತ್ತೆ ಒಪ್ಪುವುದಿಲ್ಲ, ಹಾಗಾಗಿ ನಗಿಸುತ್ತ ನಗಿಸುತ್ತ ದಾರಿ ಮಾಡುತ್ತಿದ್ದಳು. ಮೊದಲು "ಥೂ, ಸುಮ್ನಿರಕ್ಕ" ಎನ್ನುತ್ತಿದ್ದ ನನ್ನ ಗಂಡ ಬರಬರುತ್ತ ಸುಮ್ಮನೆ ನಗತೊಡಗಿದ. ಒಂದು ದಿನ ಬಾವಿ ಕಟ್ಟೆಯಲ್ಲಿ ನೆರೆಮನೆಯಾಕೆ ಕೇಳಿಯೇ ಬಿಟ್ಟಳು: "ನಿಂಗೆ ಸವತಿ ಬರ್ತಾಳಂತಲ್ಲವ್ವ, ದಿಟನಾ?" ಕೊಡ ಕೈಯಲ್ಲೇ ಇತ್ತು, ನನ್ನ ಮೈಯೆಲ್ಲ ಉರಿಯಿತು. ಅಳಬಾರದು, ಬೈಯಬಾರದು, ಎರಡಕ್ಕೂ ಅವಳ ಹತ್ತಿರ ಮದ್ದಿದೆ ಅಂದುಕೊಂಡೆ. ಅವಳ ತಮಾಷೆಯಿಂದಲೇ ಅವಳ ಕುತ್ತಿಗೆ ಹಿಡಿಯಬೇಕು.

ಅತ್ತಿಗೆಯ ದೊಡ್ಡ ಮಗನ ಮದುವೆ ಬಂತು. ಕೊಂಡ್ಲಹಳ್ಳಿಯ ಚಪ್ಪರದಲ್ಲಿ ಎರಡೂ ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲಿ ಜರಿದದ್ದೇ ಜರಿದದ್ದು. ಬೀಗಿತಿಯ ಮೂಗು ಬದನೆಕಾಯಿ ಅಂತ ಇವರು, ಬೀಗರ ಹೊಟ್ಟೆ ಜೋಳದ ಹಗೇವು ಅಂತ ಅವರು. ಬೈಸಿಕೊಂಡವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಸೋದರಮಾವನಿಗೆ ಮರ್ಯಾದೆ ಮಾಡುವ ಹೊತ್ತಾಯಿತು. ನಾನೂ ನನ್ನ ಗಂಡನೂ ಚಾಪೆಯ ಮೇಲೆ ಕೂತೆವು, ಹಿರಿಯರು ಸುತ್ತ ಕೂತರು. ಅತ್ತಿಗೆಯ ಮಗಳು ತುಂಬಿದ ಕಳಸ ಹಿಡಿದು ಬಂದಳು. ಅತ್ತಿಗೆ ಹಿರಿಯರ ಕಡೆ ತಿರುಗಿ ತೆಲುಗಿನಲ್ಲಿ, "ಚಾಪ ಮೀದ ಇಂಕೊಕರಿಕಿ ಚೋಟುಂದಿ. ಖಾಳೀ ಕುಂಡ ಪಕ್ಕನ ನಿಂಡು ಕುಂಡ ಪೆಟ್ಟಂಡಿ" ಅಂದಳು. ಬರಿದಾದ ಮಡಕೆ ಪಕ್ಕ ತುಂಬಿದ ಮಡಕೆ ಇಡಿ, ಅಂತ. ತೆಲುಗು ಬಲ್ಲವರು ಗೊಳ್ಳೆಂದರು. ನನ್ನ ಗಂಡ ತಲೆ ತಗ್ಗಿಸಿದ.

ನಾನು ಇದಕ್ಕೇ ಕಾದಿದ್ದೆ. ದನಿಯಲ್ಲಿ ಬೆಣ್ಣೆ ಸವರಿಕೊಂಡು ಕೇಳಿದೆ: "ಏನಂದ್ರಿ ಅತ್ತಿಗೆ? ನಂಗೆ ತಿಳೀಲಿಲ್ಲ. ಕನ್ನಡದಾಗೆ ಬಿಡಿಸಿ ಹೇಳ್ರಿ, ನಾನೂ ನಗ್ತೀನಿ."

"ಏನಿಲ್ಲ ಬಿಡೇ, ತಮಾಷಿ."

ಅವಳ ಮಾವನ ಅಣ್ಣ ಚಳ್ಳಕೆರೆಯಿಂದ ಬಂದಿದ್ದರು. ಅವರಿಗೂ ತೆಲುಗು ಬಾರದು, ಅವರ ಮಾತನ್ನು ಮೀರುವವರೂ ಆ ಮನೆಯಲ್ಲಿಲ್ಲ. "ನಂಗೂ ತಿಳೀಲಿಲ್ಲ ಕಣವ್ವ, ಎಲ್ಲಾ ನಗ್ತಾವ್ರೆ. ಹೇಳು" ಅಂದರು, ಪಾಪ, ನಗಲಿಕ್ಕೆಂದೇ.

"ಚಾಪೆ ಮ್ಯಾಲೆ ಇನ್ನೊಬ್ರಿಗೆ ಜಾಗ ಐತೆ ಅಂದೆ."

"ಯಾರಿಗೆ ಅತ್ತಿಗೆ?"

ಅತ್ತಿಗೆ ಮಗಳಿಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದಳು.

"ಖಾಳೀ ಕುಂಡ ಅಂದ್ರಲ್ಲ, ಅದ್ಯಾವ್ದು?"

ಯಾರೂ ನಗುತ್ತಿರಲಿಲ್ಲ. ಬದನೆಕಾಯಿ ಮೂಗನ್ನು ನೂರು ಸಲ ಬಿಡಿಸಿ ಹೇಳಿದರೂ ಅದು ಬದನೆಕಾಯಿಯೇ. ಇದನ್ನು ಬಿಡಿಸಿದರೆ ಒಳಗಿರುವುದು ನನ್ನ ಸತ್ತ ಕೂಸು, ಅವಳ ಮಗಳ ಮದುವೆ. ತುಂಬಿದ ಕಳಸ ಹಿಡಿದ ಹುಡುಗಿಯನ್ನು ಕಂಡು ಚಳ್ಳಕೆರೆಯ ಹಿರಿಯರಿಗೆ ಅರ್ಥವಾಯಿತು. ಅವರ ಮುಖ ಕಪ್ಪಿಟ್ಟಿತು. "ಏನವ್ವ, ನಿನ್ನ ಮಗಳನ್ನ ಇವನಿಗೆ ಕೊಡ್ಬೇಕು ಅಂತನಾ?" ಎಂದು ನೇರ ಕೇಳಿದರು.

ಹೌದು ಎಂದರೆ ಮಗನ ಮದುವೆಯ ಚಪ್ಪರದಲ್ಲೇ ಮಾನ ಹೋಗುತ್ತದೆ. ಅತ್ತಿಗೆ ಹಳೆಯ ಗುರಾಣಿಯನ್ನೇ ಎತ್ತಿದಳು. "ಅಯ್ಯಯ್ಯೋ ಇಲ್ರೀ! ಬರೇ ತಮಾಷಿ. ದೇವ್ರಾಣೆ ತಮಾಷಿಗಂದೆ!"

"ಹಂಗಾದ್ರೆ ಸರಿ" ಅಂದೆ ನಾನು. "ಎಲ್ರೂ ಕೇಳಿಸ್ಕಂಡ್ರಲ್ಲ? ನಮ್ಮನಿಗೆ ಮಗಳನ್ನ ಕೊಡೋ ಮನಸಿಲ್ವಂತೆ. ದೇವ್ರಾಣೆ ಮಾಡ್ಯವ್ರೆ."

ಗಾಡಿಯಲ್ಲಿ ಬರುವಾಗ ನನ್ನ ಗಂಡ ಎತ್ತುಗಳ ಬೆನ್ನನ್ನೇ ನೋಡುತ್ತ ಕೂತ. ನಾನು ಅವನನ್ನು ಸಮಾಧಾನ ಮಾಡಲಿಲ್ಲ, ಅವನ ನಗುವೂ ನನ್ನ ಲೆಕ್ಕದಲ್ಲಿತ್ತು.

ಸುಗ್ಗಿ ಕಳೆದ ಮೇಲೆ ಅತ್ತಿಗೆ ಒಬ್ಬಳೇ ಬಂದಳು. ನಗು ಇಲ್ಲ, ತೆಲುಗು ಇಲ್ಲ. ಅತ್ತೆಯ ಮುಂದೆ ಕೂತು, "ಅವ್ವ, ಈಗ ತಮಾಷಿ ಅಲ್ಲ. ನನ್ನ ಮಗಳನ್ನ ತಮ್ಮನಿಗೆ ತಂದ್ಕೋ. ಮನಸಿಟ್ಟು ಕೇಳ್ತಿದೀನಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ.

ಅತ್ತೆ ಅಡಿಕೆ ಕತ್ತರಿಸುತ್ತಲೇ ಇದ್ದಳು. "ದೇವ್ರಾಣೆ ಮಾಡಿದ್ದನ್ನ ಹಿರಿಯರೆಲ್ಲ ಕೇಳ್ಯವ್ರೆ ಕಣವ್ವ. ಈಗ ನಾನು ತಂದ್ಕಂಡ್ರೆ ನಿನ್ನ ಮಾತಿಗೇನು ಬೆಲೆ ಉಳೀತೈತೆ? ಹುಡುಗಿಗೆ ಬೇರೆ ಕಡೆ ನೋಡು."

ಅತ್ತಿಗೆ ನನ್ನತ್ತ ನೋಡಿದಳು. ಅಷ್ಟು ವರ್ಷದಲ್ಲಿ ಅವಳು ಮಾತಾಡುವಾಗ ನನ್ನನ್ನೇ ನೋಡಿದ್ದು ಅದೇ ಮೊದಲು. "ಏನಾದ್ರೂ ಅನ್ನೇ" ಅಂದಳು.

ನಾನು ಬೆಲ್ಲ ನೀರು ತಂದು ಅವಳ ಮುಂದಿಟ್ಟೆ. "ಕುಡೀರಿ ಅತ್ತಿಗೆ, ಬಿಸ್ಲಾಗೆ ಬಂದೀರಿ" ಅಂದು ಒಳಗೆ ಹೋದೆ. ಅವಳ ಆ ಮುಖ ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.