ಮೂರು ಮನಿಯ ಒಂದ ಆಡು

ನಮ್ಮ ಮೊಮ್ಮಗಳು ರಾಜೇಶ್ವರಿ ಸಣ್ಣಾಕಿ ಇದ್ದಾಗಿಂದ ಎಣಿಸಿದ್ದನ್ನ ಎರಡು ಸಲ ಎಣಸ್ತಾಳ. ಹಬ್ಬಕ್ಕ ಹೋಳಿಗಿ ಕೊಟ್ರ, ತಾಟಿನ್ಯಾಗ ಎಷ್ಟದಾವ ಅಂತ ನೋಡಿ, ತಿಂದು, ಎಷ್ಟು ತಿಂದೆ ಅಂತ ಮತ್ತ ಲೆಕ್ಕ ಹೇಳಾಕಿ. ಈಗ ಎಂ.ಎಸ್.ಡಬ್ಲ್ಯೂ, ಅಂದ್ರ ಸಮಾಜಸೇವಾದ ಕೋರ್ಸು, ಓದಾಕತ್ತಾಳ. ಅದರಾಗ ಮೂರು ತಿಂಗಳು ಯಾವುದಾರ ಸಂಸ್ಥಿಯೊಳಗ ಇಂಟರ್ನ್ ಅಂತ ದುಡೀಬೇಕಂತ. ಪಗಾರ ಇಲ್ಲ, ಚಾ ಐತಿ.

ಸಂಸ್ಥಿ ಆಫೀಸು ಸೊಲ್ಲಾಪುರ ರಸ್ತಾದ ಮ್ಯಾಲ, ನಮ್ಮ ಮೋಟರ್ ವೈಂಡಿಂಗ್ ಅಂಗಡಿಯಿಂದ ನಾಕ ಹೆಜ್ಜಿ. ಅಂಗಡಿ ಈಗ ಮಗ ಸಂಗು ನೋಡ್ತಾನ. ನಾನು ಸ್ಟೂಲ ಮ್ಯಾಲ ಕುಂತು ಸುಳ್ಳು ಹೇಳ್ತೀನಿ. ಇದು ನಾ ಅಂದದ್ದಲ್ಲ, ಓಣಿಯವರ ಮಾತು.

ಸಂಸ್ಥಿಯವರು ಟಿಕೋಟಾ, ಬಬಲೇಶ್ವರ ಕಡಿ ಹಳ್ಳಿ ಹೆಣಮಕ್ಕಳಿಗೆ ಎರಡೆರಡು ಆಡು ಕೊಡ್ತಾರ. ರೊಕ್ಕ ಪುಣೆದ ಒಂದು ಕಂಪನಿದು. ಆ ಕಂಪನಿಗೆ ಮೂರು ತಿಂಗಳಿಗೊಮ್ಮೆ ಒಂದು ಪತ್ರ ಹೋಗಬೇಕು: ಕೊಟ್ಟದ್ದರಿಂದ ಏನಾತು, ಎಷ್ಟು ಮಂದಿಗೆ ಮುಟ್ಟಿತು, ಒಬ್ಬಾಕಿ ಕತಿ, ಒಂದು ಫೋಟೋ. ಅದಕ್ಕ ಡೋನರ್ ಅಪ್ಡೇಟ್ ಅಂತಾರ. ಈ ಸಲ ಬರಿಯೋ ಪಾಳಿ ನಮ್ಮ ಹುಡುಗೀದು.

ಆಡು ಎಣಿಸಾಕ ನಿಡೋಣಿಗೆ ಸಂಸ್ಥಿ ಜೀಪಿನ್ಯಾಗ ಹೋಗಿ ಬಂದ್ಲು. ಬಿಜ್ಜರಗಿಗೆ ಹೋಗೋ ದಿನ ಜೀಪು ಕೆಟ್ಟು ನಿಂತಿತು.

"ಯಜ್ಜಾ, ನಿನ್ನ ಗಾಡಿ ಬಿಜ್ಜರಗಿ ಮುಟ್ಟತೈತೇನು?"

"ಲೇ, ಈ ಗಾಡಿ ಮ್ಯಾಲ ನಾನು ಪಂಢರಪುರಕ್ಕ ಹೋಗಿ, ಬರುವಾಗ ಪೆಟ್ರೋಲ್ ತೀರಿ, ಗಾಳಿ ಮ್ಯಾಲ ಬಂದೇನಿ."

"ಗಾಳಿ ಸಾಕು ಬಿಡು. ಪೆಟ್ರೋಲ್ ನಾ ಹಾಕಸ್ತೀನಿ."

ಬಿಜ್ಜರಗಿಯೊಳಗ ಅವತ್ತು ಮೂರು ಮನಿ. ಮೊದಲ ನಾಜಿಯಾ ಅನ್ನಾಕಿ ಮನಿ. ಹಿತ್ತಲದಾಗ ಆರು ಆಡು. ಚಾ ಕುಡಿದ್ವಿ. ಆಮ್ಯಾಲ ಆರತಿ ಮನಿ. ಅಲ್ಲೂ ಆರು. ಮತ್ತ ಚಾ. ಕಡೀಕ ಗುರುಬಾಯಿ ಮನಿ. ಅಲ್ಲಿ ಏಳು ಆಡು, ಚಾದ ಜೋಡಿ ಚುರುಮುರಿ.

ಗುರುಬಾಯಿ ನಲವತ್ತರ ಹೆಣಮಗಳು, ಬಾಯಿ ಜೋರು. "ಎರಡಿದ್ದದ್ದು ಏಳು ಆಗ್ಯಾವ ನೋಡವ್ವ, ಫೋಟೋ ಹೊಡಿ," ಅಂದ್ಲು. ರಾಜೇಶ್ವರಿ ಹೊಡದ್ಲು. ಹೆಸರು ಹಾಕಬಹುದೇನು, ಫೋಟೋ ಕಳಸಬಹುದೇನು ಅಂತ ಒಪ್ಪಿಗಿ ಹಾಳಿ ಓದಿ ಹೇಳಿ ಸಹಿ ತಗೊಂಡ್ಲು. ಪತ್ರದಾಗಿನ ಕತಿ ಇಕೀದ ಅಂತ ಆಗಲೇ ನಿರ್ಧಾರ ಮಾಡಿದ್ಲು.

ನಾನು ಮಾತ್ರ ಬ್ಯಾರೆ ಕಡಿ ನೋಡಾಕತ್ತಿದ್ದೆ. ಎಡಗೋಡು ಮುರದಿದ್ದ ಒಂದು ಬಿಳಿ ಕಿವಿ ಆಡು. ಅದನ್ನ ನಾಜಿಯಾನ ಮನ್ಯಾಗ ನೋಡಿದ್ದೆ. ಆರತಿ ಮನ್ಯಾಗೂ ನೋಡಿದ್ದೆ. ಮೂರನೇ ಸಲ ಅದು ನನ್ನ ನೋಡಿ, ಪರಿಚಯ ಇದ್ದವರ ಗತೆ ಮಾರಿ ತಿರುವಿತು.

ದಾರ್ಯಾಗ ಹೇಳಿದೆ. "ರಾಜೀ, ಆ ಆಡು ಮೂರೂ ಮನ್ಯಾಗ ಇತ್ತು."

"ಹೌದೌದು. ನೀ ಸಣ್ಣಂವ ಇದ್ದಾಗ ನಿಮ್ಮ ಮನಿ ಆಡು ಗೋಲಗುಮ್ಮಟ ಹತ್ತಿ ಒಮ್ಮೆ ಬ್ಯಾ ಅಂದದ್ದು ಏಳು ಸಲ ಕೇಳಿ, ಬಾಗಲದಾಂವ ಏಳು ಟಿಕೀಟ ಕೇಳಿದ್ನಂತ ಹೇಳ್ತೀಯಲ್ಲ, ಅದರ ಮೊಮ್ಮಗ ಇರಬೇಕು."

ನೋಡ್ರಿ, ಜೀವಮಾನದಾಗ ಒಂದು ಖರೇ ಹೇಳಿದೆ, ಅದಕ್ಕ ಈ ಗತಿ.

ಆದ್ರ ಎರಡು ಸಲ ಎಣಸೋ ಹುಡುಗಿ. ಮರುದಿನ ಆಫೀಸಿನ್ಯಾಗ ಫೋಟೋ ದೊಡ್ಡದು ಮಾಡಿ ನೋಡ್ಯಾಳ. ಸಂಸ್ಥಿ ಕೊಟ್ಟ ಆಡಿಗೆ ವಿಮೆ ಮಾಡಿಸಿರ್ತಾರ, ಕಿವಿಗೆ ನಂಬರಿನ ಹಳದಿ ಬಿಲ್ಲಿ ಇರ್ತೈತಿ. ರಿಜಿಸ್ಟರ್‌ದಾಗ ಗುರುಬಾಯಿ ಹೆಸರಿಗೆ ಎರಡು ನಂಬರು. ಫೋಟೋದಾಗ ಬಿಲ್ಲಿ ಇದ್ದದ್ದು ಒಂದಕ್ಕ. ಮುರುಕು ಕೋಡಿಂದು ಮೂರೂ ಮನಿ ಫೋಟೋದಾಗ ಹಾಜರ್.

ಅಂಗಡಿಗೆ ಬಂದು ನನ್ನ ಬಾಜೂಕ ಕುಂತ್ಲು. "ಯಜ್ಜಾ, ನೀ ಹೇಳಿದ್ದು ಖರೇ."

"ಗ್ವಾಡಿ ಮ್ಯಾಲ ತಾರೀಖು ಬರದಿಡು," ಅಂದೆ. ಆಕಿ ನಗಲಿಲ್ಲ. ಪತ್ರ ಮರುದಿನ ಸಂಜಿಕ ಹೋಗಬೇಕಿತ್ತು.

ಮುಂಜಾನೆ ಎದ್ದು ಮತ್ತ ಬಿಜ್ಜರಗಿಗೆ ಹೋದ್ವಿ. ಹೇಳದ ಹೋಗಿದ್ದಕ್ಕ ಹಿತ್ತಲದಾಗ ಒಂದು ಆಡು, ಎರಡು ಮರಿ ಅಷ್ಟ ಇದ್ದವು. ಗುರುಬಾಯಿ ಮಾರಿ ಇಳೀತು.

"ಉಳದ ನಾಕು ಧೂಳಪ್ಪನವು," ಅಂದ್ಲು. ಧೂಳಪ್ಪ ಅಂದ್ರ ಬಾಜೂಮನಿ ಕುರಿ ಕಾಯೋಂವ. "ಪಾವಣ್ಯಾರು ಬಂದಾಗ ಖಾಲಿ ಹಿತ್ತಲ ತೋರಸ್ತಾರೇನವ್ವ? ನೀವು ಅಲ್ಲಿ ಚಾ ಕುಡಿಯೂದ್ರಾಗ ಹಿಂದಿನ ಸಂದ್ಯಾಗಿಂದ ಹೊಡಕೊಂಡು ಬಂದ್ವಿ. ನಾಜಿಯಾನವು ಮೇಯಾಕ ಹೋಗಿದ್ದವು, ಆರತಿನವೂ ಮೇಯಾಕ ಹೋಗಿದ್ದವು. ಅದಕ್ಕ ಅವರೂ ಇಸಗೊಂಡ್ರು."

"ನಿಮ್ಮ ಎರಡನೇದು?"

ಗುರುಬಾಯಿ ಒಳಗ ಹೋಗಿ ಡಬ್ಬಿ ತಂದ್ಲು. ಅದರಾಗ ಹಳದಿ ಬಿಲ್ಲಿ. ಮಳಿಗಾಲದಾಗ ಮೂರು ದಿನ ಕೆಮ್ಮಿ ಸತ್ತಿತ್ತಂತ. ಹುಗದು, ಬಿಲ್ಲಿ ಬಿಚ್ಚಿ ಇಟಗೊಂಡಿದ್ಲು.

"ಅವತ್ತ ಯಾಕ ಫೋನ್ ಮಾಡಲಿಲ್ರಿ? ಡಾಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟಿದ್ರ ವಿಮೆ ಬರ್ತಿತ್ತು."

"ಕೊಯ್ಕೊಂಡು ತಿಂದಾಳ ಅಂತೀರಂತ ಹೆದರಿದೆ. ಮುಂದಿನ ಪಾಳಿದಾಗ ಮತ್ತೆರಡು ಆಡು ಕೊಡ್ತಾರಂತಲ್ಲ. ಹೆಸರು ಹೊಡದ ಹಾಕಿದ್ರ? ಈ ಮರಿ ಮ್ಯಾಲ ಮಗಳ ಕಾಲೇಜು ಐತೆವ್ವ." ಆಮ್ಯಾಲ ಮೆಲ್ಲಕ ಕೇಳಿದ್ಲು, "ಪತ್ರದಾಗ ಬರೀತಿಯೇನು?"

ರಾಜೇಶ್ವರಿ ಬಿಲ್ಲಿ ನಂಬರ್ ಎರಡು ಸಲ ಓದಿ ಬರಕೊಂಡ್ಲು. "ಏಳು ಅಂತ ಬರಿಯೂದಿಲ್ಲ. ಸತ್ತದ್ದನ್ನ ನೀವು ಹೂಂ ಅಂದ್ರ ಅಷ್ಟ ಬರೀತೀನಿ. ಇಲ್ಲಾಂದ್ರ ನಿಮ್ಮ ಕತಿನ ಬಿಟ್ಟು ಬ್ಯಾರೇದವರದು ಬರೀತೀನಿ. ಆದ್ರ ರಿಜಿಸ್ಟರ್‌ದಾಗ ಸತ್ತದ್ದು ಹತ್ತಲೇಬೇಕು. ಹೆಸರು ಉಳಸೂದು ನನ್ನ ಕೈಯಾಗಿಲ್ರಿ, ಆಫೀಸಿನ್ಯಾಗ ಕೇಳ್ತೀನಿ."

ಗುರುಬಾಯಿ ಮರಿ ಬೆನ್ನು ಸವರಕೋತ ಕುಂತ್ಲು. ಒಂದು ಸುಳ್ಳು ಹೇಳಿ ಆಕೀನ ನಗಸೋಣು ಅಂತ ನನ್ನ ನಾಲಿಗಿ ತುರಸ್ತು. ಕಚ್ಚಿ ಹಿಡದೆ. ಕಡೀಕ ಆಕಿ ಅಂದ್ಲು, "ಬರಿ. ಆದ್ರ ಹೊಸಾ ಫೋಟೋ ಹೊಡಿ. ನನ್ನವ ಮೂರು ಇರಲಿ. ನಿಂದ್ರು, ಇಳಕಲ್ಲ ಸೀರಿ ಉಟಗೊಂಡು ಬರ್ತೀನಿ."

ಆಫೀಸಿನ್ಯಾಗ ರಿಜ್ವಾನ ಸರ್ ಅಂತ ಅದಾನ, ಪತ್ರ ನೋಡಿ ಕಳಸಾಂವ. ಓದಿ ತಲಿ ಕೆರಕೊಂಡ. "ಮುಂದಿನ ಕಂತಿನ ರೊಕ್ಕ ಇನ್ನೂ ಬಂದಿಲ್ಲವಾ. ಆಡು ಸತ್ತದ್ದು ಬರೀಲೇಬೇಕೇನು?"

"ಸರ್, ಕಂಪನಿಯವರು ನಾಳೆ ಇಲ್ಲಿಗೆ ಬಂದು ಎಣಿಸಿದ್ರ?"

"ಧೂಳಪ್ಪನ ಕಡಿಂದ ಇಸಗೊಂಡ್ರಾತು," ಅಂದು ತಾನ ನಕ್ಕ. ಆಮ್ಯಾಲ ಒಂದು ಸಾಲು ತಿದ್ದಿದ. 'ಮಹಿಳೆ ತಿಳಿಸಲಿಲ್ಲ' ಅಂತ ಇದ್ದದ್ದನ್ನ 'ಯಾರಿಗೆ, ಯಾವಾಗ ತಿಳಿಸಬೇಕು ಅಂತ ನಾವು ಸರಿಯಾಗಿ ಹೇಳಿರಲಿಲ್ಲ' ಅಂತ ಮಾಡಿದ. ಸತ್ತದ್ದಕ್ಕ ಹೆಸರು ಹೊಡೆಯೋ ನಿಯಮ ಎಲ್ಲೂ ಇಲ್ಲ, ಆಕಿ ಹೆಸರು ಇರತೈತಿ ಅಂತಾನೂ ಅಂದ. ಪತ್ರ ಸಂಜಿ ಐದಕ್ಕ ಹೋತು.

ಎಂಟು ದಿನಕ್ಕ ಪುಣೆದಿಂದ ಎರಡು ಸಾಲು ಬಂತು: ಫೋಟೋ ಚಲೋ ಐತಿ, ಉಳದ ಮನ್ಯಾಗ ಎಷ್ಟು ಸತ್ತಾವ? ಸಂಸ್ಥಿಯವರು ಆಡು ಕೊಟ್ಟ ಇಪ್ಪತ್ತೈದೂ ಮನ್ಯಾಗ ಬಿಲ್ಲಿ ಹಿಡದು ಎಣಿಸಿದ್ರು. ಇನ್ನೂ ನಾಕು ಡಬ್ಬಿಯೊಳಗ ನಾಕು ಬಿಲ್ಲಿ ಸಿಕ್ಕವು. ಹೊಸಾ ಆಡು ಕೊಡೂದು ಒಂದು ತಿಂಗಳು ಮುಂದ ಹೋತು, ಮೊದಲ ಲಸಿಕಿ ಅಂದ್ರು. ಈ ಕೆಲಸಾ ಎಲ್ಲಾ ನಿಮ್ಮ ಮೊಮ್ಮಗಳು ಹಚ್ಚಿದ್ದು ಅಂತ ರಿಜ್ವಾನ ಇವತ್ತಿಗೂ ನನ್ನ ಮುಂದ ಬೈತಾನ. ಬೈಕೋತ ನನ್ನ ಚಾನ ಕುಡೀತಾನ.

ಲಸಿಕಿ ಆದಮ್ಯಾಲ ಗುರುಬಾಯಿಗೆ ಎರಡು ಆಡು ಬಂದವು. ಬಿಜ್ಜರಗಿಯೊಳಗ ಆಡಿಗೆ ಜಡ್ಡು ಬಂದ ದಿನಾನ ಸಂಸ್ಥಿಗೆ ಫೋನ್ ಮಾಡೋ ಕೆಲಸಾನೂ ಆಕಿಗೇ ಕೊಟ್ರು. ಮೊನ್ನೆ ಮಧ್ಯಾಹ್ನ ನಾವು ಉಣ್ಣಾಕ ಕುಂತಾಗ ಆಕೀದ ಫೋನು.

"ರಾಜವ್ವಾ, ಮುರುಕು ಕೋಡಿಂದು ಎರಡು ಸಲ ಶೀನೈತಿ."

"ಅಕ್ಕಾರ, ಅದು ಸಂಸ್ಥಿ ಆಡಲ್ರಿ. ಧೂಳಪ್ಪಂದು."

"ಅಲ್ಲದ್ರ ಏನಾತು? ಫೋಟೋದಾಗ ಮೂರು ಮನಿ ದುಡದೈತಿ. ಡಾಕ್ಟರಿಗೆ ಹೇಳು."

ರಾಜೇಶ್ವರಿ ಊಟ ಬಿಟ್ಟು ಡಾಕ್ಟರ್ ನಂಬರ್ ಹುಡಕಾಕ ಹತ್ತಿದ್ಲು.