ಅವನಿಗೆ ಒಂದು ತಿಂಗಳು, ನನಗೆ ಮೂರು

ನನ್ನ ಮದುವೆಯ ಮಾತನ್ನು ಮಾಲೀಕರು ನಗುತ್ತಲೇ ಹೇಳಿದರು. ಅಥವಾ ಅವರು ನಗಲೇ ಇಲ್ಲವೇನೋ, ಆ ನಗುವನ್ನು ಆಮೇಲೆ ನನ್ನ ಸಿಟ್ಟೇ ಸೇರಿಸಿರಬಹುದು. ಆ ಮಾತು ಆಡಿದ್ದು ಮಾತ್ರ ಖಂಡಿತ. ಕೊಟ್ಟಾರದ ಅವರ ಆಫೀಸಿಗೆ ಜೂನಿಯರ್ ಅಕೌಂಟೆಂಟ್ ಆಗಿ ಸೇರಿದ ದಿನ, ನನ್ನ ನೇಮಕಾತಿ ಪತ್ರವನ್ನು ನನ್ನಿಂದಲೇ ಟೈಪ್ ಮಾಡಿಸಿದರು. ನನಗಿಂತ ಮೊದಲು ಇದ್ದವನ ಪತ್ರದಲ್ಲಿ ಹೆಸರು, ತಾರೀಕು ಬದಲಿಸಿದರೆ ಸಾಕಿತ್ತು. ಹುದ್ದೆ ಅದೇ, ಬೇಸಿಕ್, ಎಚ್‌ಆರ್‌ಎ, ಪಿಎಫ್ ಕಡಿತ ಎಲ್ಲ ಅದೇ. ಆರು ತಿಂಗಳ ಪ್ರೊಬೇಷನ್, ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್.

“ನಿಮ್ಮದರಲ್ಲಿ ಪ್ರೊಬೇಷನ್ ಒಂದು ವರ್ಷ ಮಾಡಿ,” ಎಂದರು ಮಾಲೀಕರು. “ನೀವು ಬಿಡುವುದಾದ್ರೆ ಮೂರು ತಿಂಗಳ ನೋಟಿಸ್. ನಾವು ತೆಗೆಯುವುದಾದ್ರೆ ನೋಟಿಸ್ ಬೇಡ.”

“ಅವನಿಗೆ ಇಲ್ಲದ್ದು ನನಗೆ ಎಂತಕ್ಕೆ ಸರ್?”

“ನಾಳೆ ಮದುವೆಯಾಗಿ ದುಬೈಗೆ ಹಾರಿದ್ರೆ ಜಿಎಸ್‌ಟಿ ಫೈಲ್ ಮಾಡ್ಲಿಕ್ಕೆ ಯಾರುಂಟು ಮಾರಾಯ್ತಿ?”

ಅವನು ಕೆಲಸ ಬಿಟ್ಟು ಹೋದದ್ದೇ ದುಬೈಗೆ!

ನನಗೆ ಆ ಕೆಲಸ ಬೇಕೇ ಬೇಕಿತ್ತು. ಆದರೂ ಪ್ರೊಬೇಷನ್, ನೋಟಿಸಿನ ಸಾಲುಗಳನ್ನು ಮುಟ್ಟಲಿಲ್ಲ. ಪ್ರಿಂಟ್ ತೆಗೆದು ಮುಂದಿಟ್ಟು, “ಅವನ ಷರತ್ತನ್ನೇ ಇಟ್ಟಿದ್ದೇನೆ ಸರ್,” ಎಂದೆ. ಅವರು ಫೋನಿನಲ್ಲಿ ಯಾರಿಗೋ ತುಳುವಿನಲ್ಲಿ ಬೈಯುತ್ತಿದ್ದರು. ಬೈಯುತ್ತಲೇ ಸಹಿ ಹಾಕಿದರು. ನಾನು ಹೇಳಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.