ನಿಂತಳೋ, ಬಿದ್ದಳೋ

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಾನು ಹೈದರಾಬಾದಿನಲ್ಲಿ ನೌಕರಿ ಮಾಡುತ್ತೇನೆ, ಅವಳು ಅವ್ವನ ಜೊತೆ ಕಲಬುರಗಿಯಲ್ಲಿದ್ದಾಳೆ. ನಮ್ಮ ಮಾತೆಲ್ಲ ವಿಡಿಯೋ ಕಾಲ್‌ನಲ್ಲಿ, ಕೈಸನ್ನೆಯಲ್ಲಿ. ಬೇರೆಯವರಿಗೆ ಚಿತ್ರ ನಿಂತರೂ ದನಿಯಾದರೂ ಬರುತ್ತದೆ. ನಮಗೆ ಚಿತ್ರವೇ ದನಿ.

ಅವ್ವನ ಮೊಣಕಾಲಿಗೆ ಆಪರೇಷನ್ ಆಗಿತ್ತು. ಆ ವಾರದ ಕೊನೆಗೆ ಅವಳನ್ನು ನೋಡಲು ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದೆ. ಶಂಕರಪಲ್ಲಿ ದಾಟಿದ ಮೇಲೆ ಆಸ್ಪತ್ರೆಯಿಂದ ತಂಗಿಯ ಕಾಲ್ ಬಂತು. ಅವಳ ಮುಖ ಚೂರುಚೂರಾಗಿ ಒಡೆದು, ಕೂಡಿ, ಮತ್ತೆ ಒಡೆಯಿತು. 'ಅವ್ವ' ಎಂದದ್ದು ತಿಳಿಯಿತು. ಆಮೇಲೆ ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳು ಊರಿದಳು. ಅಷ್ಟಕ್ಕೆ ಚಿತ್ರ ನಿಂತುಬಿಟ್ಟಿತು.

ನಮ್ಮ ಮನೆಯ ಸನ್ನೆಯಲ್ಲಿ ಆ ಬೆರಳುಗಳು ನೆಟ್ಟಗೇ ಉಳಿದರೆ 'ನಿಂತಳು', ಅಡ್ಡ ಉರುಳಿದರೆ 'ಬಿದ್ದಳು'. ಎರಡೂ ಶುರುವಾಗುವುದು ಒಂದೇ ರೀತಿ. ಮುಖ ನೋಡಿ ತಿಳಿಯೋಣವೆಂದರೆ ಅಲ್ಲಿ ಬರೀ ಮಸುಕು.

ಕಾಲ್ ಕಡಿದು ಹಚ್ಚಿದೆ, ಮತ್ತೆ ಹಚ್ಚಿದೆ. ಎದುರಿಗೆ ಕೂತಿದ್ದ ಹುಡುಗಿ, ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಕೋರ್ಸ್ ಮಾಡುತ್ತಿದ್ದ ನಮ್ಮ ಕಡೆಯವಳೇ, ಏನಾಯಿತೆಂದು ಕೇಳಿದಳು. ಹೇಳಿದೆ.

"ಗಾಡಿ ಓಡಾಕತ್ತೈತಲ್ರೀ ಅಕ್ಕಾ. ಒಂದು ಟವರ್ ಬಿಟ್ಟು ಇನ್ನೊಂದು ಹಿಡಿಯೂದ್ರಾಗ ವಿಡಿಯೋ ತಡಿತೈತಿ. ಇಲ್ಲಿ ಅಡವಿ ಬ್ಯಾರೆ, ಟವರ್ ದೂರ ದೂರ ಅದಾವು. ಬರದು ಕಳಸ್ರಿ, ಅದಕ್ಕ ಸ್ವಲ್ಪ ನೆಟ್ ಸಾಕು."

ತಂಗಿಗೆ ಉದ್ದ ವಾಕ್ಯ ಓದುವುದು ಕಷ್ಟ. "ಅವ್ವ ನಿಂತಳಾ? ಬಿದ್ದಳಾ?" ಎಂದಷ್ಟೇ ಬರೆದೆ. ಹೋಯಿತೆಂದು ಒಂದು ಟಿಕ್ ಗೆರೆ ಮೂಡಿತು, ತಲುಪಿತೆನ್ನುವ ಎರಡನೆಯದು ಮೂಡಲಿಲ್ಲ. ಕಿಟಕಿಯಾಚೆ ಗಿಡಮರಗಳು ಹಿಂದೋಡುತ್ತಿದ್ದವು. ಇಷ್ಟು ವರ್ಷ ಎಷ್ಟು ಸಲೀಸಾಗಿ ಮಾತಾಡಿದ್ದೆವು, ಯಾವುದನ್ನು ನಂಬಿ ಮಾತಾಡಿದ್ದೆವು ಎಂದು ಆಗ ಯೋಚನೆಗೆ ಬಂತು.

ವಿಕಾರಾಬಾದ್ ಹತ್ತಿರ ಗಾಡಿ ನಿಧಾನವಾಯಿತು. ಎರಡನೆಯ ಗೆರೆ ಮೂಡಿತು, ಹಿಂದೆಯೇ ಉತ್ತರ, ಕೊನೆಯ ಅಕ್ಷರ ಬಿಟ್ಟು: "ನಿಂತ." ಸ್ಟೇಷನ್ನಿನಲ್ಲಿ ನಿಂತಾಗ ವಿಡಿಯೋ ತಿಳಿಯಾಗಿ ಬಂತು. ಅವ್ವ ವಾಕರ್ ಹಿಡಿದು, ನರ್ಸ್ ಪಕ್ಕ, ನಿಜವಾಗಿಯೂ ನಿಂತಿದ್ದಳು.

"ಯಾಕ ಅಳಾಕತ್ತೀ?" ಎಂದಳು ನನ್ನನ್ನು ನೋಡಿ.

"ನೆಟ್ ಇರಲಿಲ್ಲವ್ವ," ಎಂದೆ.

"ಅದಕ್ಕ್ಯಾರರ ಅಳ್ತಾರೇನು!"

ಎದುರಿನ ಹುಡುಗಿ ನಕ್ಕಳು. ಗಾಡಿ ಹೊರಟಿತು, ಚಿತ್ರ ಮತ್ತೆ ಒಡೆಯಿತು. ಈ ಸಲ ಕಾಲ್ ಕಡಿದೆ, ಮತ್ತೆ ಹಚ್ಚಲಿಲ್ಲ.

ಅಂದಿನಿಂದ ನಾನು ದಾರಿಯಲ್ಲಿದ್ದಾಗ ತಂಗಿ ಒಂದು ರೂಢಿ ಮಾಡಿಕೊಂಡಿದ್ದಾಳೆ. ಏನೇ ಹೇಳುವುದಿದ್ದರೂ ಮೊದಲು ಒಂದು ಪದ ಬರೆದು ಕಳಿಸುತ್ತಾಳೆ. ಮಾತು ಆಮೇಲೆ, ಗಾಡಿ ನಿಂತ ಕಡೆ.